ಟೀ ಅಂಗಡಿಯ ಬಾಡಿಗೆ ಒಂದು ಕಪ್ಪಿಗೆ ಎಷ್ಟು?

ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಪಕ್ಕದಲ್ಲಿ ಒಂದು ಟೀ ಅಂಗಡಿ ಇದೆ ಎಂದುಕೊಳ್ಳಿ. ಮಳಿಗೆಯ ಬಾಡಿಗೆ ತಿಂಗಳಿಗೆ 9,000 ರೂಪಾಯಿ, ಅಂದರೆ ದಿನಕ್ಕೆ 300. ಕೆಲಸದಾಳಿನ ಸಂಬಳ ದಿನಕ್ಕೆ 500. ಕರೆಂಟು, ನೀರು, ಒಲೆ ಪಾತ್ರೆಗಳ ಸವಕಳಿ ಎಲ್ಲ ಸೇರಿ 100. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅಂಗಡಿಯ ಮಾಲೀಕರ ತಲೆಯ ಮೇಲೆ 900 ರೂಪಾಯಿ ಖರ್ಚು ಕೂತಿರುತ್ತದೆ. ಆ ದಿನ ಜಡಿಮಳೆ ಸುರಿದು ಒಬ್ಬ ಗಿರಾಕಿಯೂ ಬಾರದಿದ್ದರೂ ಅದು ತಪ್ಪುವುದಿಲ್ಲ. ಇದನ್ನೇ ಲೆಕ್ಕಶಾಸ್ತ್ರದಲ್ಲಿ ಸ್ಥಿರ ವೆಚ್ಚ ಎನ್ನುತ್ತಾರೆ.

ಇನ್ನೊಂದು ಬಗೆಯ ಖರ್ಚು ಟೀ ಮಾಡಿದಾಗ ಮಾತ್ರ ಆಗುತ್ತದೆ. ಒಂದು ಕಪ್ಪಿಗೆ ಹಾಲು 3 ರೂಪಾಯಿ, ಟೀ ಪುಡಿ 80 ಪೈಸೆ, ಸಕ್ಕರೆ 50 ಪೈಸೆ, ಗ್ಯಾಸ್ 70 ಪೈಸೆ, ಪೇಪರ್ ಕಪ್ಪಿಗೆ 1 ರೂಪಾಯಿ; ಒಟ್ಟು 6 ರೂಪಾಯಿ. ಇದು ಬದಲಾಗುವ ವೆಚ್ಚ. ಯಾವ ಖರ್ಚು ಯಾವ ಗುಂಪಿಗೆ ಸೇರುತ್ತದೆ ಎಂದು ತಿಳಿಯಬೇಕಾದರೆ, ಇವತ್ತು ಒಂದು ಕಪ್ಪೂ ಮಾರದಿದ್ದರೆ ಈ ಹಣ ಉಳಿಯುತ್ತಿತ್ತೇ ಎಂದು ಕೇಳಿಕೊಂಡರೆ ಸಾಕು. ಹಾಲಿನ ಹಣ ಉಳಿಯುತ್ತದೆ, ಬಾಡಿಗೆ ಉಳಿಯುವುದಿಲ್ಲ. ಗ್ಯಾಸ್ ಮಾತ್ರ ಸ್ವಲ್ಪ ತೊಡಕಿನದು. ಗಿರಾಕಿ ಇಲ್ಲದ ಹೊತ್ತಿನಲ್ಲೂ ಸಣ್ಣ ಉರಿ ಇಟ್ಟಿರುತ್ತಾರಾದ್ದರಿಂದ ಅದರ ಒಂದು ಪಾಲು ಸ್ಥಿರ ವೆಚ್ಚಕ್ಕೇ ಸೇರಬೇಕು. ಲೆಕ್ಕ ಸುಲಭವಾಗಲೆಂದು ಇಲ್ಲಿ ಎಲ್ಲವನ್ನೂ ಕಪ್ಪಿನ ಖರ್ಚಿಗೇ ಹಾಕಿದ್ದೇನೆ.

ಈಗ 900 ರೂಪಾಯಿಯನ್ನು ಕಪ್ಪುಗಳಿಗೆ ಹಂಚಿ ನೋಡಿ. ದಿನಕ್ಕೆ 100 ಕಪ್ ಮಾರಿದರೆ ಒಂದೊಂದು ಕಪ್ಪೂ 9 ರೂಪಾಯಿ ಹೊರಬೇಕು. 200 ಮಾರಿದರೆ ನಾಲ್ಕೂವರೆ, 300 ಮಾರಿದರೆ 3, 450 ಮಾರಿದರೆ 2. ಬಾಡಿಗೆಯೂ ಕಡಿಮೆಯಾಗಿಲ್ಲ, ಸಂಬಳವೂ ಕಡಿಮೆಯಾಗಿಲ್ಲ. ಅದೇ ಹೊರೆಯನ್ನು ಹೊರುವ ಕಪ್ಪುಗಳು ಹೆಚ್ಚಾಗಿವೆ, ಅಷ್ಟೇ. ಹೊಸಬರು ಎಡವುವುದು ಇಲ್ಲಿಯೇ. ಸ್ಥಿರ ವೆಚ್ಚ ಒಟ್ಟು ಮೊತ್ತದಲ್ಲಿ ಸ್ಥಿರ, ಕಪ್ಪಿನ ಲೆಕ್ಕಕ್ಕೆ ಬಂದರೆ ಅದೇ ಇಳಿಯುತ್ತದೆ. ಬದಲಾಗುವ ವೆಚ್ಚ ಒಟ್ಟಿನಲ್ಲಿ ಏರುತ್ತದೆ, ಆದರೆ ಕಪ್ಪಿಗೆ 6 ರೂಪಾಯಿಯಲ್ಲೇ ನಿಲ್ಲುತ್ತದೆ.

ಇಳಿತವೂ ಒಂದೇ ಸಮನಾಗಿಲ್ಲ. ಮೊದಲ ನೂರು ಕಪ್ಪಿನ ಮೇಲೆ ಇನ್ನೊಂದು ನೂರು ಸೇರಿದಾಗ ಕಪ್ಪಿಗೆ ನಾಲ್ಕೂವರೆ ರೂಪಾಯಿ ಇಳಿಯಿತು. ಮೂರನೆಯ ನೂರಕ್ಕೆ ಇಳಿದದ್ದು ಒಂದೂವರೆ ರೂಪಾಯಿ ಮಾತ್ರ. ನಾಲ್ಕನೆಯ ನೂರು ಇಳಿಸುವುದು ಬರೀ 75 ಪೈಸೆ. ಹಾಗಾಗಿ ವ್ಯಾಪಾರ ಕಡಿಮೆ ಇರುವ ಅಂಗಡಿಗೆ ಹೆಚ್ಚುವರಿ ಗಿರಾಕಿಗಳಿಂದ ಸಿಗುವ ಹಗುರ, ಆಗಲೇ ಭರ್ತಿಯಾಗಿ ನಡೆಯುತ್ತಿರುವ ಅಂಗಡಿಗೆ ಸಿಗುವುದಿಲ್ಲ.

ಇದಕ್ಕೆ ಇನ್ನೊಂದು ಮಿತಿಯೂ ಇದೆ. ಒಂದು ಒಲೆ, ಒಬ್ಬ ಆಳು ಇಟ್ಟುಕೊಂಡು ದಿನಕ್ಕೆ 450 ಕಪ್ ನಿಭಾಯಿಸಬಹುದು ಎಂದಿಟ್ಟುಕೊಳ್ಳೋಣ. ಅದನ್ನು ದಾಟಿದರೆ ಬೆಳಗಿನ ಬಸ್ಸಿನ ಹೊತ್ತಿಗೆ ಗಿರಾಕಿಗಳು ಕಾದು ಕಾದು ಪಕ್ಕದ ಅಂಗಡಿಗೆ ಹೋಗತೊಡಗುತ್ತಾರೆ. ಎರಡನೆಯ ಆಳನ್ನು 500 ರೂಪಾಯಿಗೆ ಇಟ್ಟುಕೊಳ್ಳಲೇಬೇಕು. ಸ್ಥಿರ ವೆಚ್ಚ ಒಮ್ಮೆಲೇ 1,400ಕ್ಕೆ ಜಿಗಿಯುತ್ತದೆ, ಕಪ್ಪಿನ ಪಾಲು 2 ರೂಪಾಯಿಯಿಂದ 3 ರೂಪಾಯಿ ದಾಟುತ್ತದೆ. ಮತ್ತೆ 2 ರೂಪಾಯಿಗೆ ಇಳಿಯಬೇಕಾದರೆ 700 ಕಪ್ ಮಾರಬೇಕು. ಅಂದರೆ ಸ್ಥಿರ ವೆಚ್ಚ ಸ್ಥಿರವಾಗಿರುವುದು ಒಂದು ಮಟ್ಟದ ವ್ಯಾಪಾರದವರೆಗೆ ಮಾತ್ರ.

ಈ ಲೆಕ್ಕವನ್ನು ಅರ್ಧ ತಿಳಿದವರು ಮಾಡುವ ದೊಡ್ಡ ತಪ್ಪೆಂದರೆ, ಹೇಗಾದರೂ ಹೆಚ್ಚು ಮಾರಿದರೆ ಸಾಕೆಂದು ಬೆಲೆ ಇಳಿಸುವುದು. ನಮ್ಮ ಮಾಲೀಕರು ಟೀಯನ್ನು 10 ರೂಪಾಯಿಗೆ ಮಾರುತ್ತಾರೆ. 6 ರೂಪಾಯಿ ಕಳೆದರೆ ಕಪ್ಪಿಗೆ 4 ರೂಪಾಯಿ ಉಳಿಯುತ್ತದೆ. 225 ಕಪ್ ಮಾರಿದಾಗ 900 ತುಂಬುತ್ತದೆ, ಲಾಭ ಶುರುವಾಗುವುದು ಅದರ ನಂತರವೇ. 300 ಕಪ್ ಮಾರಿದ ದಿನ ಅವರ ಕೈಗೆ 300 ರೂಪಾಯಿ. ಅವರ ಸ್ವಂತ ದುಡಿಮೆಯ ಕೂಲಿಯೂ ಅದರೊಳಗೇ ಇದೆ.

ಈಗ ಬೆಲೆಯನ್ನು 8 ರೂಪಾಯಿಗೆ ಇಳಿಸಿದರು, ಗಿರಾಕಿಗಳು ಮುಗಿಬಿದ್ದು 450 ಕಪ್ ಖರ್ಚಾಯಿತು ಎನ್ನಿ. ಸ್ಥಿರ ವೆಚ್ಚದ ಪಾಲು 3 ರೂಪಾಯಿಯಿಂದ 2 ರೂಪಾಯಿಗೆ ಇಳಿದದ್ದು ನಿಜ. ಆದರೆ ಕಪ್ಪಿಗೆ ಉಳಿಯುವುದೂ 4ರಿಂದ 2ಕ್ಕೆ ಇಳಿಯಿತು. 450 ಕಪ್ಪಿನಿಂದ ಬಂದ 900 ರೂಪಾಯಿ ಬಾಡಿಗೆ, ಸಂಬಳಗಳಿಗೇ ಸರಿಹೋಗಿ ಮಾಲೀಕರಿಗೆ ಒಂದು ಪೈಸೆಯೂ ಉಳಿಯಲಿಲ್ಲ. ಹಳೆಯ 300 ರೂಪಾಯಿ ಬೇಕೆಂದರೆ 600 ಕಪ್ ಮಾರಬೇಕು. ಅಷ್ಟಕ್ಕೆ ಎರಡನೆಯ ಆಳು ಬೇಕು, ಅವರ ಸಂಬಳವೂ ಸೇರಿದರೆ ಗುರಿ 850 ಕಪ್ಪಿಗೆ ಏರುತ್ತದೆ. 300 ಕಪ್ಪಿನಿಂದ ಬರುತ್ತಿದ್ದ ಆದಾಯಕ್ಕೆ ಅದರ ಮೂರು ಪಟ್ಟಿನ ಹತ್ತಿರ ದುಡಿಯಬೇಕಾದ ಈ ಬೆಲೆ ಇಳಿಕೆ ಈ ಅಂಗಡಿಗೆ ನಷ್ಟದ ದಾರಿಯೇ.