ಬೀಜದಿಂದ ಬಟ್ಟಲಿಗೆ, ನಡುವೆ ನೀರಿನ ಲೆಕ್ಕ

ಗುಂಡಿ ಒತ್ತಿದರೆ ಸಾಕು, ಹುರಿದ ಬೀಜವನ್ನು ಆಗಲೇ ಬೀಸಿ, ಪುಡಿಯನ್ನು ಒತ್ತಿ, ಬಿಸಿನೀರು ಹಾಯಿಸಿ ಕಾಫಿ ಇಳಿಸುವ ಆಟೊಮ್ಯಾಟಿಕ್ ಯಂತ್ರ ಈಗ ಬೆಂಗಳೂರಿನ ಫ್ಲಾಟುಗಳ ಅಡುಗೆಕಟ್ಟೆಯ ಮೇಲೂ ಕಾಣಸಿಗುತ್ತದೆ. ಅಂಗಡಿಯಲ್ಲಿ ಡೆಮೊ ನೋಡಿ ಮಾರುಹೋಗುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ನಿಮ್ಮ ಮನೆಯ ಕಾಫಿಗೆ ಚಿಕೋರಿ ಬೇಕೇ?

ಬೇಕೆನ್ನುವವರಿಗೆ ಈ ಯಂತ್ರ ಹೇಳಿಸಿದ್ದಲ್ಲ. ಬೀಸುವ ಭಾಗಕ್ಕೆ ಬೀಜ ಬಿಟ್ಟು ಬೇರೇನೂ ಹೋಗಬಾರದು. ಕೆಲವು ಯಂತ್ರಗಳಲ್ಲಿ ಪುಡಿ ಹಾಕಲು ಪ್ರತ್ಯೇಕ ಕಿಂಡಿ ಇರುತ್ತದೆ, ಆದರೆ ಚಿಕೋರಿ ನೆನೆದರೆ ಅಂಟಂಟಾಗಿ ಜಾಲರಿಯನ್ನು ಕಟ್ಟಿಸುತ್ತದೆ. ಹಾಲಿನದೂ ಅದೇ ಕಥೆ: ಯಂತ್ರ ತಣ್ಣನೆಯ ಹಾಲನ್ನು ನೊರೆ ಬರಿಸುತ್ತಾ ಬಿಸಿ ಮಾಡುತ್ತದೆಯೇ ಹೊರತು ಕುದಿಸುವುದಿಲ್ಲ. ಸುಡುಸುಡು ಕಾಫಿ ಕುಡಿದು ಬೆಳೆದ ಹಿರಿಯರು ಇದನ್ನು 'ಆರಿದ ಕಾಫಿ' ಎಂದೇ ಪಕ್ಕಕ್ಕಿಡುತ್ತಾರೆ. ಅವರ ತಪ್ಪೇನೂ ಇಲ್ಲ, ಹಿತ್ತಾಳೆ ಫಿಲ್ಟರಿನ ಡಿಕಾಕ್ಷನ್ನೇ ಅವರಿಗೆ ಸರಿ.

ನಿಜವಾದ ಲಾಭ ಚಿಕೋರಿಯಿಲ್ಲದ ಕಾಫಿ ಕುಡಿಯುವವರಿಗೆ, ಅದರಲ್ಲೂ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಏಳುವ ಮನೆಯವರಿಗೆ. ಮನೆಯಿಂದಲೇ ಕೆಲಸ ಮಾಡುತ್ತಾ ದಿನಕ್ಕೆ ನಾಲ್ಕೈದು ಬ್ಲ್ಯಾಕ್ ಕಾಫಿ ಇಳಿಸಿಕೊಳ್ಳುವವರಿಗೂ ಅನುಕೂಲ. ಸಣ್ಣ ಆಫೀಸಿಗೂ ಒಳ್ಳೆಯದೇ, ಆದರೆ ಮನೆಬಳಕೆಯ ಯಂತ್ರವನ್ನು ಆಫೀಸಿನಲ್ಲಿಟ್ಟರೆ ವಾರಂಟಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಬಿಲ್ ಮಾಡಿಸುವ ಮೊದಲೇ ಅದನ್ನು ಓದಿಕೊಳ್ಳಿ.

ಇನ್ನು ಖರ್ಚು. ಬೀಜದ ಬೆಲೆ ಎಲ್ಲರಿಗೂ ಗೊತ್ತಿರುತ್ತದೆ, ನೀರಿನ ಲೆಕ್ಕ ಯಾರೂ ಹೇಳುವುದಿಲ್ಲ. ಕೊಳವೆಬಾವಿಯ ನೀರು ಗಡಸು. ಅದು ಕಾದಾಗ ಸುಣ್ಣದ ಪದರ ಬಿಡುವುದನ್ನು ಗೀಸರಿನಲ್ಲಿ ನೋಡಿದ್ದೇವೆ. ಲೀಟರಿಗೆ 300 ಮಿಲಿಗ್ರಾಂ ಗಡಸುತನದ ನೀರನ್ನು ದಿನಕ್ಕೆ 600 ಮಿಲಿಲೀಟರ್ ಬಳಸಿದರೆ, ವರ್ಷಕ್ಕೆ ಸುಮಾರು 65 ಗ್ರಾಂ ಸುಣ್ಣದ ಲವಣ ಯಂತ್ರದೊಳಗೆ ಹಾಯುತ್ತದೆ. ಪೂರ್ತಿ ಅಲ್ಲೇ ಕೂರುವುದಿಲ್ಲ. ಆದರೆ ನೀರು ಕಾಯಿಸುವ ಕೊಳವೆ ಸಣ್ಣದು, ಸ್ವಲ್ಪ ಕೂತರೂ ಅದಕ್ಕೆ ಜಾಸ್ತಿಯೇ. ಆಗ ಪಂಪಿನ ಸದ್ದು ಗಡುಸಾಗುತ್ತದೆ, ಕಾಫಿ ತೊಟ್ಟಿಕ್ಕತೊಡಗುತ್ತದೆ, ಬಿಸಿಯೂ ಕಡಿಮೆಯಾಗುತ್ತದೆ.

ಸುಣ್ಣ ತೆಗೆಯುವ ಹೊತ್ತಾದಾಗ ದೀಪ ಉರಿಯುತ್ತದಲ್ಲ ಎನ್ನಬಹುದು. ಹೆಚ್ಚಿನ ಯಂತ್ರಗಳು ಸುಣ್ಣವನ್ನು ಅಳೆಯುವುದಿಲ್ಲ. ನೀವು ಮೊದಲ ದಿನ ಸೆಟ್ ಮಾಡಿದ ಗಡಸುತನಕ್ಕೆ ತಕ್ಕಂತೆ, ಇಷ್ಟು ಲೀಟರ್ ಹರಿದಿದೆ ಎಂದು ಎಣಿಸಿ ದೀಪ ಹತ್ತಿಸುತ್ತವೆ, ಅಷ್ಟೇ. ಒಂದು ವಾರ ಕಾವೇರಿ, ಇನ್ನೊಂದು ವಾರ ಟ್ಯಾಂಕರ್ ನೀರು ಬರುವ ಅಪಾರ್ಟ್‌ಮೆಂಟಿನಲ್ಲಿ ಕಾವೇರಿ ನೀರನ್ನು ಪರೀಕ್ಷಿಸಿ ಸೆಟ್ ಮಾಡಿದರೆ ದೀಪ ಹತ್ತುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಪರೀಕ್ಷಾ ಪಟ್ಟಿಯಲ್ಲಿ ಟ್ಯಾಂಕರ್ ನೀರನ್ನು ನೋಡಿ, ಅದನ್ನೇ ಸೆಟ್ ಮಾಡುವುದು ಜಾಣತನ. ತೆಗೆಯಲು ನಿಂಬೆಹುಳಿ ಉಪ್ಪು ಸಾಲದೇ ಎಂದು ಕೇಳುವವರುಂಟು. ಬಿಸಿಯಲ್ಲಿ ಅದು ಸುಣ್ಣದ ಜೊತೆ ಸೇರಿ ಕರಗದ ಗಷ್ಟಾಗಿ ಕೂರಬಹುದು. ಆದ್ದರಿಂದ ಕಂಪನಿ ಹೇಳಿದ ದ್ರಾವಣವೇ ವಾಸಿ. ನೀರಿನ ಫಿಲ್ಟರ್ ಇದ್ದರೆ ಅದನ್ನೂ ಎರಡು ತಿಂಗಳಿಗೊಮ್ಮೆ ಬದಲಿಸುವ ಖರ್ಚು ಹಿಡಿಯಿರಿ.

ಎರಡನೆಯದು ಬ್ರೂ ಗ್ರೂಪ್, ಅಂದರೆ ಪುಡಿಯನ್ನು ಒತ್ತಿ ನೀರು ಹಾಯಿಸುವ ಪ್ಲಾಸ್ಟಿಕ್ ಭಾಗ. ಇದು ಹೊರತೆಗೆಯಲು ಬರುವಂತಿದ್ದರೆ ವಾರಕ್ಕೊಮ್ಮೆ ಸೋಪಿಲ್ಲದೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸಬೇಕು. ಎರಡು ಮೂರು ತಿಂಗಳಿಗೊಮ್ಮೆ ಅದರ ರಬ್ಬರ್ ಉಂಗುರಕ್ಕೆ ಆಹಾರಕ್ಕೆ ತಕ್ಕ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಹಿಂಡಿದ ಪುಡಿ ಗಟ್ಟಿ ಬಿಲ್ಲೆಯಾಗಿ ಬೀಳದೆ ಕೆಸರಿನಂತೆ ಬೀಳುತ್ತಿದ್ದರೆ ಬೀಸುವಿಕೆಯೋ ಉಂಗುರವೋ ಕೆಟ್ಟಿರಬಹುದು. ಊರಿಗೆ ಹೋಗಿ ಬರುವಷ್ಟರಲ್ಲಿ ಬೂಸ್ಟು ಹಿಡಿಯುವುದೂ ಇಲ್ಲೇ. ಹಾಗಾಗಿ ಹೊರಡುವ ದಿನ ಡಬ್ಬಿ ಖಾಲಿ ಮಾಡಿ ತೊಳೆದು, ಬಾಗಿಲು ತೆರೆದಿಟ್ಟು ಹೋಗಬೇಕು. ಹಾಲಿನ ಕೊಳವೆಯನ್ನಂತೂ ನಿತ್ಯ ತೊಳೆಯಲೇಬೇಕು.

ಬೀಜದ ಜೊತೆ ಬಂದ ಒಂದು ಕಲ್ಲಿನ ಚೂರು ಬೀಸುವ ಭಾಗವನ್ನೇ ಕಚ್ಚಿ ನಿಲ್ಲಿಸಬಲ್ಲದು. ಎಣ್ಣೆ ಜಿನುಗುವಷ್ಟು ಕಪ್ಪಗೆ ಹುರಿದ ಬೀಜ ಜಾರದೆ ಅಲ್ಲೇ ಅಂಟಿಕೊಳ್ಳುತ್ತದೆ. ತಟ್ಟೆಗೆ ಸುರಿದು ಒಮ್ಮೆ ಕಣ್ಣಾಡಿಸಿ ಹಾಕುವುದಕ್ಕೆ ಖರ್ಚೇನೂ ಇಲ್ಲ.

ಉದಾಹರಣೆಗೆ ಯಂತ್ರಕ್ಕೆ 60,000 ರೂಪಾಯಿ, ಬಾಳಿಕೆ 5 ವರ್ಷ, ದಿನಕ್ಕೆ 4 ಕಪ್ ಎಂದಿಟ್ಟುಕೊಳ್ಳೋಣ. ಯಂತ್ರದ ಪಾಲು ಕಪ್ಪಿಗೆ ಸುಮಾರು 8 ರೂಪಾಯಿ. ದ್ರಾವಣ, ಫಿಲ್ಟರ್, ವರ್ಷಕ್ಕೊಂದು ಸರ್ವಿಸ್ ಎಲ್ಲ ಸೇರಿ 10,000 ಹಿಡಿದರೆ ಇನ್ನೊಂದು 7. ಕೆಜಿಗೆ 1,000 ರೂಪಾಯಿಯ ಬೀಜ 9 ಗ್ರಾಂ ಬಿದ್ದರೆ ಅದಕ್ಕೆ 9. ಒಟ್ಟು 24. ಬೀಜದ ಪಾಲು ಇದರಲ್ಲಿ ಅರ್ಧಕ್ಕಿಂತ ಕಡಿಮೆ. ದಿನಕ್ಕೆ ಎರಡೇ ಕಪ್ ಆದರೆ ಯಂತ್ರದ ಪಾಲು 16ಕ್ಕೆ ಏರುತ್ತದೆ, ನಿರ್ವಹಣೆ ಮಾತ್ರ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ.

ಕೊಳ್ಳಲೇಬೇಕೆಂದಿದ್ದರೆ ಅಂಗಡಿಯವರ ಮುಂದೆಯೇ ಬ್ರೂ ಗ್ರೂಪ್ ಹೊರತೆಗೆದು ತೋರಿಸಿ ಎನ್ನಿ. ರಬ್ಬರ್ ಉಂಗುರ ಬಿಡಿಯಾಗಿ ಸಿಗುತ್ತದೆಯೇ, ನಿಮ್ಮ ಊರಿನಲ್ಲಿ ರಿಪೇರಿ ಮಾಡುವವರು ಯಾರು, ಸುಣ್ಣ ಕಟ್ಟಿ ಕೆಟ್ಟರೆ ವಾರಂಟಿ ಕೊಡುತ್ತೀರಾ ಎಂದು ಬರಹದಲ್ಲೇ ಉತ್ತರ ಪಡೆಯಿರಿ. ಮೈಸೂರು, ಹುಬ್ಬಳ್ಳಿ, ಮಂಗಳೂರಿನವರಾದರೆ ರಿಪೇರಿಗೆ ಯಂತ್ರವನ್ನು ಬೆಂಗಳೂರಿಗೆ ಕಳಿಸಬೇಕಾಗುತ್ತದೆಯೇ, ಸಾಗಣೆ ಯಾರ ಖರ್ಚು ಎಂಬುದನ್ನೂ ಅದರಲ್ಲೇ ಸೇರಿಸಿ.