ಹಳದಿಗೆ ಹಸಿರಂಚು ಏಕೆ?

ಬೇಯಿಸಿದ ಮೊಟ್ಟೆಯ ಹಳದಿಯ ಸುತ್ತ ಬೂದುಹಸಿರು ಉಂಗುರ ಕಂಡರೆ ಮೊಟ್ಟೆ ಕೆಟ್ಟಿದೆ ಎಂದಲ್ಲ, ಬೆಂದದ್ದು ಹೆಚ್ಚಾಗಿದೆ ಅಷ್ಟೆ. ತಿಂದರೆ ತೊಂದರೆಯಿಲ್ಲ. ಬಿಳಿಭಾಗದ ಪ್ರೋಟೀನಿನಲ್ಲಿ ಗಂಧಕವಿದೆ. ಹೆಚ್ಚು ಹೊತ್ತು ಕಾವು ತಾಗಿದರೆ ಅದು ಹೈಡ್ರೋಜನ್ ಸಲ್ಫೈಡ್ ಅನಿಲವಾಗುತ್ತದೆ. ಸಿಪ್ಪೆ ಸುಲಿಯುವಾಗ ಮೂಗಿಗೆ ಬಡಿಯುವ ವಾಸನೆ ಅದರದೇ. ಹೊರಭಾಗ ಮೊದಲು ಕಾಯುವುದರಿಂದ ಅನಿಲ ಒಳಕ್ಕೆ ಸರಿದು, ಹಳದಿಯಲ್ಲಿರುವ ಕಬ್ಬಿಣದೊಡನೆ ಸೇರಿ ಅಂಚಿನಲ್ಲೇ ಕಬ್ಬಿಣದ ಸಲ್ಫೈಡ್ ಆಗಿ ಕೂರುತ್ತದೆ. ಹಳೆಯ ಮೊಟ್ಟೆಯ ಬಿಳಿ ಹೆಚ್ಚು ಕ್ಷಾರೀಯ, ಅದರಲ್ಲಿ ಉಂಗುರ ಬೇಗ ಮೂಡುತ್ತದೆ.

ಕುದಿಯುವ ನೀರಿಗೆ ಮೊಟ್ಟೆ ಇಳಿಸಿ ಉರಿ ತಗ್ಗಿಸಿದರೆ 10–12 ನಿಮಿಷ ಸಾಕು. ಆಮೇಲೆ ತಡಮಾಡದೆ ಐಸ್ ನೀರಿಗೆ ಹಾಕಿ. ಹೊರಮೈ ತಣಿದರೆ ಅನಿಲ ಹಳದಿಯನ್ನು ಬಿಟ್ಟು ಸಿಪ್ಪೆಯತ್ತ ಸಾಗುತ್ತದೆ. ಬಿಸಿನೀರಲ್ಲೇ ಬಿಟ್ಟರೆ, ಒಲೆ ಆರಿಸಿದ ಮೇಲೂ ಮೊಟ್ಟೆ ಬೇಯುತ್ತಲೇ ಇರುತ್ತದೆ.