ಎರಡು ಬಗೆಯ ‘ನಾರ್ಮಲ್’

ತಲೆನೋವಿಗೆಂದು ಮಾಡಿಸಿದ ಸ್ಕ್ಯಾನಿನ ವರದಿಯಲ್ಲಿ ‘ನಾರ್ಮಲ್’ ಎಂದಿದ್ದರೆ ಮನೆಮಂದಿಯ ಜೀವ ತಣ್ಣಗಾಗುತ್ತದೆ. ಆದರೆ ಈ ನಾರ್ಮಲ್‌ನಲ್ಲಿ ಎರಡು ಬಗೆ ಇದೆ. ಒಂದು, ಸ್ಕ್ಯಾನಿಗೆ ಮೊದಲೇ ವೈದ್ಯರು ಹೆಚ್ಚುಕಡಿಮೆ ಊಹಿಸಿದ್ದ ನಾರ್ಮಲ್. ಅದರಿಂದ ಖರ್ಚು ಬಿಟ್ಟರೆ ದೊಡ್ಡ ನಷ್ಟವಿಲ್ಲ. ಇನ್ನೊಂದು, ಮಾಡಬೇಕಾದ ಸ್ಕ್ಯಾನ್ ಬಿಟ್ಟು ಬೇರೆಯದನ್ನು ಮಾಡಿದ್ದರಿಂದ ಬಂದ ನಾರ್ಮಲ್. ಇದು ಜೀವಕ್ಕೇ ಕುತ್ತು.

ಈ ಎರಡು ಬಗೆಯನ್ನೂ ಒಂದೇ ಊರಿನಲ್ಲಿಟ್ಟು ನೋಡೋಣ. ಅರ್ಗಾ ಕಾರವಾರ ಮತ್ತು ಅಂಕೋಲೆಯ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಊರು. ಹೊರಗಿನವರಿಗೆ ನೌಕಾನೆಲೆಯಿಂದಾಗಿ ಪರಿಚಿತ. ಇಲ್ಲಿನವರಿಗೆ ಹತ್ತಿರದ ದೊಡ್ಡ ಸರ್ಕಾರಿ ಆಸ್ಪತ್ರೆ ಕಾರವಾರದ ಕ್ರಿಮ್ಸ್. ದೊಡ್ಡ ಕಾಯಿಲೆಯೆಂದರೆ ಉತ್ತರ ಕನ್ನಡದವರು ಗೋವೆಗೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗಾಡಿ ಹತ್ತುವುದು ಹಳೆಯ ರೂಢಿ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜೋರಾದ ಕೂಗೆದ್ದದ್ದೂ ಇದೇ ಸಂಕಟಕ್ಕೆ. ಅಷ್ಟು ದೂರ ಹೋದವರಿಗೆ, ಬಂದದ್ದು ಬಂದಾಯಿತು, ಒಂದು ಸ್ಕ್ಯಾನ್ ಮಾಡಿಸಿಯೇ ಹೋಗೋಣ ಎನ್ನಿಸುವುದು ಸಹಜ.

ಅರ್ಗಾದ ಮೂವತ್ತೈದರ ಮಹಿಳೆಯೊಬ್ಬರಿಗೆ ಹತ್ತು ವರ್ಷಗಳಿಂದ ತಿಂಗಳಿಗೆರಡು ಬಾರಿ ತಲೆಯ ಒಂದು ಪಕ್ಕ ಮಿಡಿಯುವ ನೋವು ಬರುತ್ತದೆ ಎನ್ನಿ. ಬಿಸಿಲಿಗೆ ಹೋದರೆ, ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ, ನಿದ್ದೆಗೆಟ್ಟರೆ ಶುರು. ವಾಕರಿಕೆ, ಬೆಳಕು ಕಂಡರಾಗದು, ಕತ್ತಲ ಕೋಣೆಯಲ್ಲಿ ಮಲಗಿ ಎದ್ದರೆ ವಾಸಿ. ಕೈಕಾಲಿನ ಬಲ, ನಡಿಗೆ, ಕಣ್ಣಿನ ಚಲನೆ, ಕಣ್ಣಿನ ಹಿಂಪದರ ಎಲ್ಲವೂ ಸರಿಯಾಗಿವೆ. ಇದು ಮೈಗ್ರೇನ್. ನಿಮ್ಹಾನ್ಸ್‌ನ ಸಂಶೋಧಕರು ಬೆಂಗಳೂರಿನಲ್ಲೂ ಅದರ ಸುತ್ತಲಿನ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ 2,329 ವಯಸ್ಕರನ್ನು ವಿಚಾರಿಸಿದಾಗ, ವರ್ಷವೊಂದರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಕಾಡಿದ್ದು ಕಂಡುಬಂತು. ಇಂಥವರ ಮಿದುಳಿನ ಚಿತ್ರ ತೆಗೆದರೆ ಗಡ್ಡೆಯೋ ರಕ್ತಸ್ರಾವವೋ ಸಿಗುವ ಸಾಧ್ಯತೆ, ತಲೆನೋವೇ ಇಲ್ಲದವರಲ್ಲಿ ಸಿಗುವಷ್ಟೇ. ಮೈಗ್ರೇನ್ ಸ್ಕ್ಯಾನಿನಲ್ಲಿ ಕಾಣಿಸಿಕೊಳ್ಳುವ ಕಾಯಿಲೆಯಲ್ಲ. ಅದನ್ನು ಪತ್ತೆಹಚ್ಚುವುದು ಮಾತುಕತೆಯಿಂದ.

ಇರಲಿ, ನೋಡಿದರೆ ತಪ್ಪೇನು? ಮೊದಲನೆಯದು ವಿಕಿರಣ. ಕೈಗಾ ಸ್ಥಾವರದ ವಿಕಿರಣದ ಬಗ್ಗೆ ಈ ಭಾಗದವರಿಗೆ ಆತಂಕ ಹೊಸದಲ್ಲ. ಅಂಥ ಸ್ಥಾವರಗಳಿಂದ ಸಾರ್ವಜನಿಕರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ ಮೀರಬಾರದೆಂಬ ಮಿತಿಯಿದೆ. ತಲೆಯ ಒಂದು ಸಿಟಿ ಸ್ಕ್ಯಾನ್ ಸುಮಾರು 2 ಮಿಲಿಸೀವರ್ಟ್ ಕೊಡುತ್ತದೆ. ಅಗತ್ಯವಿದ್ದಾಗ ಇದು ಹೆದರುವಷ್ಟು ದೊಡ್ಡ ಪ್ರಮಾಣವಲ್ಲ, ಆದರೆ ‘ಸುಮ್ಮನೆ ಒಮ್ಮೆ’ ಎನ್ನುವುದಕ್ಕೆ ದುಬಾರಿ. ಎಂಆರ್‌ಐನಲ್ಲಿ ವಿಕಿರಣವಿಲ್ಲ, ಅಲ್ಲಿನ ತೊಂದರೆ ಅದು ಬೇಡದ್ದನ್ನೂ ಹುಡುಕಿ ಕೊಡುವುದು. ನೆದರ್ಲೆಂಡ್ಸಿನ ರಾಟರ್‌ಡ್ಯಾಮಿನಲ್ಲಿ ಸುಮಾರು 2,000 ಸಾಮಾನ್ಯ ಜನರ, ಹೆಚ್ಚಾಗಿ ಅರವತ್ತರ ಆಸುಪಾಸಿನವರ, ಮಿದುಳನ್ನು ಎಂಆರ್‌ಐ ಮಾಡಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ನೂರರಲ್ಲಿ ಏಳು ಮಂದಿಗೆ ತಮಗೇ ತಿಳಿಯದೆ ಸಣ್ಣ ಪಾರ್ಶ್ವವಾಯುವಿನ ಗುರುತುಗಳಿದ್ದವು. ನೂರಕ್ಕೆ ಸುಮಾರು ಇಬ್ಬರಲ್ಲಿ ರಕ್ತನಾಳದ ಉಬ್ಬು ಇತ್ತು. ಹೀಗೆ ಅಕಸ್ಮಾತ್ತಾಗಿ ಸಿಕ್ಕಿದ ಚುಕ್ಕೆಯೊಂದರ ಬೆನ್ನುಹತ್ತಿ ಮಣಿಪಾಲಕ್ಕೆ ಮತ್ತೆರಡು ಸಲ ಓಡಾಡಿದರೂ ಮೈಗ್ರೇನ್ ಇದ್ದಲ್ಲೇ ಇರುತ್ತದೆ.

ಈಗ ಅದೇ ಊರಿನ ಇನ್ನೊಂದು ಮನೆ. ಬಾಣಂತಿಗೆ ಹೆರಿಗೆಯಾಗಿ ಒಂಬತ್ತು ದಿನ, ಎರಡು ದಿನದಿಂದ ಬಿಡದ ತಲೆನೋವು. ‘ನಿದ್ದೆಗೇಡು, ಶೀತ’ ಎಂದು ಮನೆಯ ಹಿರಿಯರು ತಲೆಗೆ ಬಟ್ಟೆ ಬಿಗಿಯುತ್ತಾರೆ. ಇಲ್ಲಿ ಮಾತ್ರ ಕಾಯುವ ಹಾಗಿಲ್ಲ.

ಮೊದಲ ಪರೀಕ್ಷೆ ಸ್ಕ್ಯಾನ್ ಅಲ್ಲ, ಬಿಪಿ. ಗರ್ಭಿಣಿಯಾಗಿದ್ದಾಗ ಸರಿಯಿದ್ದ ರಕ್ತದೊತ್ತಡವೂ ಹೆರಿಗೆಯ ನಂತರ ಏರಿ, ತಲೆನೋವು ತಂದು, ಫಿಟ್ಸ್‌ವರೆಗೆ ಒಯ್ಯಬಲ್ಲದು. ಬಿಪಿ 140/90ಕ್ಕಿಂತ ಮೇಲಿದ್ದರೆ ಮೂತ್ರದಲ್ಲಿ ಪ್ರೊಟೀನ್ ಇದೆಯೇ ಎಂದು ನೋಡಿ, ಚಿಕಿತ್ಸೆ ಅಲ್ಲಿಂದಲೇ ಶುರುವಾಗಬೇಕು.

ಎರಡನೆಯದು ಒಂದು ಪ್ರಶ್ನೆ: ಎದ್ದು ಕೂತರೆ ಹೆಚ್ಚೋ, ಮಲಗಿದರೆ ಹೆಚ್ಚೋ? ಸಿಸೇರಿಯನ್‌ಗಾಗಿ ಬೆನ್ನಿಗೆ ಸೂಜಿ ಹಾಕಿಸಿಕೊಂಡವರಲ್ಲಿ ಬೆನ್ನುಹುರಿಯ ಸುತ್ತಲಿನ ದ್ರವ ಆ ತೂತಿನಿಂದ ಸೋರಿ ತಲೆನೋವು ಬರುವುದುಂಟು. ಅದು ಕೂತೊಡನೆ ಏರುತ್ತದೆ, ಮಲಗಿದರೆ ಇಳಿಯುತ್ತದೆ, ಹೆರಿಗೆಯ ಮೊದಲ ಕೆಲವು ದಿನಗಳಲ್ಲೇ ಕಾಣಿಸಿಕೊಳ್ಳುತ್ತದೆ. ಈ ಲಕ್ಷಣ ಸ್ಪಷ್ಟವಾಗಿದ್ದರೆ ಸಾಮಾನ್ಯವಾಗಿ ಸ್ಕ್ಯಾನ್ ಬೇಕಿಲ್ಲ. ಆದರೆ ದಿನ ಕಳೆದಂತೆ ಈ ಏರಿಳಿತ ಮಾಯವಾಗಿ ನೋವು ಸದಾ ಇರತೊಡಗಿದರೆ ಲೆಕ್ಕ ಬದಲಾಗುತ್ತದೆ.

ಉತ್ತರ ‘ಮಲಗಿದರೆ, ಕೆಮ್ಮಿದರೆ ಹೆಚ್ಚು’ ಎಂದಿದ್ದು, ವಾಂತಿ, ಕಣ್ಣು ಮಂಜಾಗುವುದು ಜೊತೆಗಿದ್ದರೆ, ವೈದ್ಯರ ಮನಸ್ಸಿಗೆ ಬರಬೇಕಾದದ್ದು ಮಿದುಳಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ. ಹೆರಿಗೆಯಲ್ಲಿ ರಕ್ತಸ್ರಾವ ತಡೆಯಲೆಂದು ದೇಹ ರಕ್ತದ ಹೆಪ್ಪುಗಟ್ಟುವ ಗುಣವನ್ನು ಏರಿಸಿಕೊಂಡಿರುತ್ತದೆ. ಅದು ಇಳಿಯಲು ಸುಮಾರು ಆರು ವಾರ ಬೇಕು. ಅದರ ಮೇಲೆ ‘ನೀರು ಜಾಸ್ತಿ ಕುಡಿದ್ರೆ ಹೊಟ್ಟೆ ಬರ್ತದೆ’ ಎಂದು ಬಾಣಂತಿಗೆ ಲೋಟ ಎಣಿಸಿ ನೀರು ಕೊಡುವ ಪದ್ಧತಿ. ಒಣಗಿದ ದೇಹದಲ್ಲಿ ರಕ್ತ ಇನ್ನಷ್ಟು ಗಟ್ಟಿ. ಭಾರತದಲ್ಲಿ ಈ ಕಾಯಿಲೆ ಬಾಣಂತಿಯರಲ್ಲಿ ಹಿಂದಿನಿಂದಲೂ ಹೆಚ್ಚಾಗಿ ಕಂಡಿದೆ, ನಿಮ್ಹಾನ್ಸ್‌ನಲ್ಲಿ ಇದರ ಮೇಲೆ ದಶಕಗಳ ಕೆಲಸವಾಗಿದೆ.

ಎರಡನೆಯ ಬಗೆಯ ನಾರ್ಮಲ್ ಹುಟ್ಟುವುದು ಇಲ್ಲೇ. ಗಡಿಬಿಡಿಯಲ್ಲಿ ಸಾದಾ ಸಿಟಿ ಸ್ಕ್ಯಾನ್ ಮಾಡಿಸಿದರೆ, ಈ ರೋಗವಿದ್ದ ಬಹಳ ಮಂದಿಯಲ್ಲಿ ಅದು ಸ್ವಚ್ಛವಾಗಿಯೇ ಕಾಣುತ್ತದೆ. ಗದ್ದೆಯ ಫೋಟೋ ನೋಡಿ ಕಾಲುವೆಯಲ್ಲಿ ನೀರು ಹರಿಯುತ್ತಿದೆಯೋ ನಿಂತಿದೆಯೋ ಹೇಳಲಾಗದ ಹಾಗೆ. ಹರಿವನ್ನೇ ನೋಡುವ ಪರೀಕ್ಷೆ ವೆನೋಗ್ರಫಿ: ಎಂಆರ್‌ಐ ಜೊತೆಗೆ ಎಂಆರ್ ವೆನೋಗ್ರಾಂ. ಅದು ದೂರವಿದ್ದರೆ ಕೈಯ ನರಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟು ಸಿಟಿ ಯಂತ್ರದಲ್ಲೇ ವೆನೋಗ್ರಾಂ ತೆಗೆಯಬಹುದು. ಅದಾದ ಮೇಲೆ ಮಗುವಿಗೆ ಹಾಲೂಡಿಸಲು ಅಡ್ಡಿಯಿಲ್ಲ. ಡಿ-ಡೈಮರ್ ಎಂಬ ರಕ್ತಪರೀಕ್ಷೆ ಇಲ್ಲಿ ದಾರಿ ತೋರಿಸದು, ಹೆರಿಗೆಯಾದವರಲ್ಲಿ ಅದು ಹೇಗಿದ್ದರೂ ಏರಿರುತ್ತದೆ. ಹೆಪ್ಪು ಸಿಕ್ಕರೆ ಚಿಕಿತ್ಸೆ ಹೆಪಾರಿನ್. ಮಿದುಳಿನಲ್ಲಿ ಈ ಹೆಪ್ಪಿನಿಂದಲೇ ಒಂದಿಷ್ಟು ರಕ್ತ ಸೋರಿದ್ದರೂ ಅದನ್ನೇ ಕೊಡುತ್ತಾರೆ ಎಂಬುದು ಮನೆಯವರಿಗೆ ವಿಚಿತ್ರವಾಗಿ ತೋರಬಹುದು, ಆದರೆ ಸೋರಿಕೆಗೆ ಕಾರಣವೇ ಆ ಕಟ್ಟಿಕೊಂಡ ನಾಳ.

ಸಾದಾ ಸಿಟಿಗೂ ಅದರದೇ ಹೊತ್ತಿದೆ. ಬಲೆ ಎಳೆಯುತ್ತಿದ್ದ ಐವತ್ತರ ಮೀನುಗಾರನಿಗೆ ಒಂದೇ ನಿಮಿಷದೊಳಗೆ ಜನ್ಮದಲ್ಲೇ ಕಾಣದಂಥ ನೋವು ತಲೆಗೇರಿ ಕತ್ತು ಬಿಗಿಯಿತೆಂದರೆ, ಮಿದುಳಿನ ಮೇಲ್ಮೈಯಲ್ಲಿ ರಕ್ತನಾಳ ಒಡೆದಿರಬಹುದು. ಆಗ ತಾಜಾ ರಕ್ತವನ್ನು ನಿಮಿಷಗಳಲ್ಲಿ ತೋರಿಸುವುದು ಸಿಟಿ. ಕೆನಡಾದ ವೈದ್ಯರು 3,132 ರೋಗಿಗಳನ್ನು ಅಭ್ಯಸಿಸಿ 2011ರಲ್ಲಿ ತಿಳಿಸಿದಂತೆ, ನೋವು ಶುರುವಾದ 6 ಗಂಟೆಯೊಳಗೆ ಮಾಡಿದ ಸಿಟಿ ಇಂಥ ಒಂದು ಪ್ರಕರಣವನ್ನೂ ತಪ್ಪಿಸಲಿಲ್ಲ. ತಡವಾಗಿ ಮಾಡಿದ್ದರಲ್ಲಿ ಸುಮಾರು ಏಳರಲ್ಲೊಂದು ತಪ್ಪಿತು. ರಕ್ತ ಕರಗುತ್ತ ಬಂದಂತೆ ಚಿತ್ರ ಮಸುಕಾಗುತ್ತದೆ. ತಡವಾಗಿ ಬಂದವರ ಸಿಟಿ ನಾರ್ಮಲ್ ಇದ್ದರೆ ಬೆನ್ನಿನಿಂದ ದ್ರವ ತೆಗೆದು ನೋಡುವುದೋ ರಕ್ತನಾಳಗಳ ಆಂಜಿಯೋಗ್ರಾಂ ಮಾಡುವುದೋ ಮುಂದಿನ ಹೆಜ್ಜೆ. ಆದ್ದರಿಂದ ಈ ಮನುಷ್ಯನನ್ನು ನೇರ ದೂರದೂರಿಗೆ ಸಾಗಿಸುವ ಬದಲು, ಹತ್ತಿರದಲ್ಲಿ ಸಿಟಿ ಇರುವಲ್ಲಿ ಮೊದಲು ನಿಲ್ಲಿಸುವುದು ಲಾಭ. ನೋವು ಶುರುವಾದ ಗಂಟೆಯನ್ನು ಮನೆಯವರು ನೆನಪಿಟ್ಟು ಹೇಳಬೇಕು.

ಸ್ಕ್ಯಾನ್ ಕೋಣೆಯ ತಂತ್ರಜ್ಞರು ಚೀಟಿಯಲ್ಲಿ ಬರೆದದ್ದನ್ನೇ ತೆಗೆಯುತ್ತಾರೆ. ‘ತಲೆನೋವು, ಮಿದುಳು ಸ್ಕ್ಯಾನ್’ ಎಂದಷ್ಟೇ ಇದ್ದರೆ ಬಾಣಂತಿಗೂ ಸಾದಾ ಚಿತ್ರವೇ ಸಿಗುತ್ತದೆ. ‘ಹೆರಿಗೆಯಾಗಿ 9 ದಿನ, ಮಲಗಿದರೆ ಹೆಚ್ಚುವ ನೋವು, ದೃಷ್ಟಿ ಮಂಜು’ ಎಂದು ಇನ್ನೊಂದು ಸಾಲು ಸೇರಿದರೆ, ವರದಿ ಬರೆಯುವ ರೇಡಿಯಾಲಜಿಸ್ಟ್ ತಾವಾಗಿಯೇ ವೆನೋಗ್ರಾಂ ಸೇರಿಸಲು ಹೇಳುತ್ತಾರೆ.